ಬಾಕಿ ಇದ್ದವರಿಗೆ ಬರುವ ಸುದ್ದಿ

...ಅಥವಾ ಆ ಸಂಜೆ ವಿಜ್ಞಾನದ ಟೀಚರು ಅಲ್ಲಿ ಇರಲೇ ಇಲ್ಲವೋ ಏನೋ. ನನ್ನ ನೆನಪಿನಲ್ಲಿ ಅವರು ಕಿಟಕಿ ಪಕ್ಕದ ಬೆಂಚಿನ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಾರೆ, ಸಿಪ್ಪೆಯನ್ನು ಹಳೆಯ ಪ್ರಶ್ನೆಪತ್ರಿಕೆಯ ಮೇಲೆ ಗುಡ್ಡೆ ಹಾಕುತ್ತಿದ್ದಾರೆ. ಅಕ್ಕನನ್ನು ಕೇಳಿದರೆ, "ಶೇಂಗಾ ಎಲ್ಲಿಂದ ಬಂದಾವೋ? ಅವತ್ತ ಗಿರ್ಮಿಟ್ಟ ತಿಂದಿದ್ವಿ" ಅನ್ನುತ್ತಾಳೆ. ಇಬ್ಬರಲ್ಲಿ ಒಬ್ಬರು ತಪ್ಪು. ಇಬ್ಬರೂ ತಪ್ಪಿರಬಹುದು. ಮೇಜಿನ ಮೇಲೆ ಆ ತಿಂಗಳ ಫೀ ವರದಿ ಇತ್ತು ಎಂಬುದರಲ್ಲಿ ಮಾತ್ರ ಜಗಳವಿಲ್ಲ.

ಹುಬ್ಬಳ್ಳಿ ಅಂಚಿನ ಉಣಕಲ್ಲಿನಲ್ಲಿ ಒಂದು ಮನೆಯ ಮೇಲಂತಸ್ತಿನಲ್ಲಿ ಅಕ್ಕ ಟ್ಯೂಷನ್ ನಡೆಸುತ್ತಾಳೆ. ಎಂಟು, ಒಂಬತ್ತು, ಹತ್ತನೇ ತರಗತಿ. ಗಣಿತ ಅವಳದು, ವಿಜ್ಞಾನ ಟೀಚರದು. ಟೀಚರು ಹೆಬ್ಬಳ್ಳಿ ಎಂಬ ಹಳ್ಳಿಯಿಂದ ಧಾರವಾಡಕ್ಕೆ ಒಂದು ಬಸ್ಸು, ಅಲ್ಲಿಂದ ಉಣಕಲ್ಲಿಗೆ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದರು. ನಾನು ಪಾಠ ಮಾಡುವುದಿಲ್ಲ. ಆಫೀಸು ನನ್ನದು. ಆಫೀಸು ಎಂದರೆ ಮೆಟ್ಟಿಲ ಪಕ್ಕದ ಒಂದು ಮೇಜು, ಒಂದು ಲ್ಯಾಪ್‌ಟಾಪು, ರಸೀದಿ ಪುಸ್ತಕ ಮತ್ತು ಸೆಂಟರಿನ ಫೋನು.

ತಿಂಗಳ ಫೀ ಹತ್ತನೇ ತಾರೀಖಿನೊಳಗೆ ಬರಬೇಕು. ಹತ್ತು ದಾಟಿದ ಮೇಲೆ ನಾನು ವರದಿ ತಯಾರಿಸುತ್ತೇನೆ: ವಿದ್ಯಾರ್ಥಿ, ತರಗತಿ, ಬರಬೇಕಾದದ್ದು, ಬಂದದ್ದು, ಬಾಕಿ, ಹಿಂದಿನ ಸಲ ನೆನಪಿಸಿದ ದಿನ, ಕೊನೆಗೆ ಷರಾ. ಕೇಳಲು ಸುಲಭ. ಆದರೆ ಬಾಕಿ ಎಂದು ಬರೆಯುವ ಮೊದಲು ಬಂದದ್ದನ್ನೆಲ್ಲ ಹೊಂದಿಸಬೇಕು. ಕೆಲವರು ಕೈಯಲ್ಲಿ ತಂದು ಕೊಡುತ್ತಾರೆ, ಅದು ರಸೀದಿ ಪುಸ್ತಕದಲ್ಲಿರುತ್ತದೆ. ಹೆಚ್ಚಿನವರು ಫೋನಿನಲ್ಲಿ ಕಳಿಸುತ್ತಾರೆ. ಅದು ಮಾಮಾನ ಫೋನಿನಿಂದ ಬಂದಿರುತ್ತದೆ, ಇಲ್ಲವೇ ಬಾಜೂ ಮನೆಯವರ ಫೋನಿನಿಂದ. ಯಾರ ಫೀ ಎಂದು ಅದರಲ್ಲಿ ಬರೆದಿರುವುದಿಲ್ಲ. ಬ್ಯಾಂಕಿನ ಖಾತೆ ತೆರೆದಿಟ್ಟುಕೊಂಡು, ಗುರುತು ಸಿಗದ ಒಂದೊಂದು ಜಮೆಗೂ ಒಡೆಯನನ್ನು ಹುಡುಕಿ, ಆಮೇಲೆ ಉಳಿದವರನ್ನು ಬಾಕಿ ಪಟ್ಟಿಗೆ ಹಾಕಬೇಕು. ಕಟ್ಟಿದವರಿಗೆ ಕಟ್ಟಿ ಎಂದು ನೆನಪಿಸುವಷ್ಟು ಅವಮಾನ ಬೇರೆ ಇಲ್ಲ ಎಂದು ಅಕ್ಕನ ಮಾತು.

ಅವಳ ಇನ್ನೂ ಎರಡು ಕಟ್ಟುನಿಟ್ಟಿನ ನಿಯಮಗಳಿವೆ. ಫೀ ಮಾತು ಮಕ್ಕಳ ಕಿವಿಗೆ ಬೀಳಬಾರದು. ಪಾಲಕರ ಗುಂಪಿನಲ್ಲಿ ಹಾಕಬಾರದು, ಒಬ್ಬೊಬ್ಬರಿಗೂ ಬೇರೆ ಬೇರೆ ಕಳಿಸಬೇಕು. ಮಂಗಳವಾರ, ಶುಕ್ರವಾರ ಕಳಿಸುವುದು ಬೇಡ ಎಂದು ನಾನೇ ಸೇರಿಸಿದೆ. ಆ ದಿನ ನಮ್ಮ ಕಡೆ ಅನೇಕ ಮನೆಗಳಲ್ಲಿ ಲಕ್ಷ್ಮಿಯನ್ನು ಹೊರಗೆ ಕಳಿಸುವುದಿಲ್ಲ. ಕೇಳಿದರೆ ಹೂಂ ಅನ್ನುತ್ತಾರೆ, ಆಮೇಲೆ ಮರೆತೇಬಿಡುತ್ತಾರೆ.

ಮೊದಮೊದಲು ನಾವು ಕಳಿಸುತ್ತಿದ್ದ ಒಕ್ಕಣೆಯನ್ನು ನಾನು ಎಲ್ಲಿಂದಲೋ ಎತ್ತಿಕೊಂಡಿದ್ದೆ. 'ಗೌರವಾನ್ವಿತ ಪಾಲಕರೆ, ತಮ್ಮ ಪಾಲ್ಯದ ಶುಲ್ಕವು ಸಂದಾಯವಾಗಬೇಕಾಗಿದ್ದು' ಎಂದು ಶುರುವಾಗುತ್ತಿತ್ತು. ಅದಕ್ಕೆ ಉತ್ತರವಾಗಿ ಕೆಲವರು ಹೆಬ್ಬೆರಳು ಎತ್ತಿ ತೋರಿಸುವ ಚಿತ್ರ ಕಳಿಸುತ್ತಿದ್ದರು. ದುಡ್ಡು ಕಳಿಸುತ್ತಿರಲಿಲ್ಲ.

ದೀಪಾವಳಿ ಆದ ಮೇಲೆ ಅದು ಬದಲಾಯಿತು. ಶೇಂಗಾದ ಅಥವಾ ಗಿರ್ಮಿಟ್ಟಿನ ಸಂಜೆ ಅದೇ. ಬಾಕಿ ಪಟ್ಟಿಯನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ. ಒಬ್ಬ ಹುಡುಗನ ಹೆಸರು ಬಂದಾಗ ಟೀಚರು (ಅವರು ಅಲ್ಲಿದ್ದರೆ) ಅಂದರು:

"ಅಯ್ಯ, ಇವಾ ಭಾಳ ಛಲೋ ಓದಾಕತ್ತಾನ್ರಿ ಈಗ. ಮೊನ್ನೆ ಆಮ್ಲ, ಪ್ರತ್ಯಾಮ್ಲ ಎಲ್ಲಾ ತಾನ ಹೇಳಿದ. ಅವರ ಮನ್ಯಾಗ ಗೊತ್ತೈತೋ ಇಲ್ಲೋ."

"ಹೆಂಗ ಗೊತ್ತಾಗಬೇಕ್ರಿ ಟೀಚರ್? ಮಕ್ಕಳು ಹೇಳ್ತಾವೇನು?" ಅಂದಳು ಅಕ್ಕ. "ನಾವು ಫೋನ್ ಮಾಡೂದು ರೊಕ್ಕ ಕೇಳಾಕಷ್ಟ."

ಹಾಗಾದರೆ ಅದನ್ನೇ ಮೊದಲು ಬರೆಯೋಣ, ಫೀ ಆಮೇಲೆ ಕೇಳೋಣ ಎಂದದ್ದು ಯಾರು? ನನ್ನ ಪ್ರಕಾರ ಟೀಚರು. ಅಕ್ಕನ ಪ್ರಕಾರ ಅಕ್ಕ. ಟೀಚರನ್ನು ಆಮೇಲೊಮ್ಮೆ ಕೇಳಿದಾಗ, "ನೀವ ಅಂದಿದ್ರೆಲ್ರಿ ಸರ" ಅಂದರು. ಆ ಮಾತು ನನ್ನ ಬಾಯಿಂದ ಬಂದಿದ್ದರೆ ನನಗೆ ಸಂತೋಷವೇ. ಆದರೆ ಸಂತೋಷ ಕೊಡುವ ನೆನಪುಗಳನ್ನು ನಾನು ಒಂದು ಕೈ ದೂರದಲ್ಲೇ ಇಡುತ್ತೇನೆ.

ಒಟ್ಟಿನಲ್ಲಿ ಹೊಸ ಪದ್ಧತಿ ಬಂತು. ಬಾಕಿ ಇರುವ ಪ್ರತಿ ಮಗುವಿನ ಬಗ್ಗೆ ಅಕ್ಕ, ಟೀಚರು ಇಬ್ಬರಲ್ಲಿ ಒಬ್ಬರು ಆ ವಾರ ತಾವು ಕಣ್ಣಾರೆ ಕಂಡ ಒಂದು ಸಂಗತಿ ಹೇಳಬೇಕು. ಹೇಳಲು ಏನೂ ಇಲ್ಲದಿದ್ದರೆ ಆ ಮನೆಗೆ ಅವತ್ತು ನೆನಪಿನ ಸಂದೇಶ ಹೋಗುವಂತಿಲ್ಲ. ಮೊದಲು ಮಗುವನ್ನು ನೋಡಿಕೊಂಡು ಬರಬೇಕು. ಜಾಣ, ಚುರುಕು, ಒಳ್ಳೆಯವಳು ಎಂಬ ಮಾತುಗಳಿಗೆ ಅಕ್ಕ ನಿಷೇಧ ಹಾಕಿದಳು. "ಅವು ಎಲ್ಲಾ ಮಕ್ಕಳಿಗೂ ಒಪ್ಪತಾವ. ಈ ಹುಡುಗಗಷ್ಟ ಒಪ್ಪೂದು ಹೇಳ್ರಿ."

ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಒಂದು ಹೀಗಿತ್ತು:

'ನಮಸ್ಕಾರ. ನಿಮ್ಮ ಮಗ ಈ ವಾರ ತ್ರಿಭುಜದ ಪ್ರಮೇಯವನ್ನು ಬೋರ್ಡಿನ ಮೇಲೆ ಸಾಧಿಸಿ ತೋರಿಸಿದ. ನಡುವೆ ಒಂದು ಕಡೆ ತಪ್ಪಿದ. ಯಾರೂ ಹೇಳುವ ಮೊದಲೇ ತಾನೇ ಹುಡುಕಿ ತಿದ್ದಿಕೊಂಡ. ಈ ತಿಂಗಳ ಫೀ ನಮಗೆ ಇನ್ನೂ ಬಂದಂತಿಲ್ಲ. ಈ ವಾರದಲ್ಲಿ ತುಂಬಿದರೆ ಅನುಕೂಲವಾಗುತ್ತದೆ. ತುಂಬಿದ್ದರೆ ತಪ್ಪು ತಿಳಿಯಬೇಡಿ, ರಸೀದಿಯ ಫೋಟೋ ಕಳಿಸಿ, ನಮ್ಮ ವರದಿ ಸರಿ ಮಾಡಿಕೊಳ್ಳುತ್ತೇವೆ.'

ಕೆಳಗೆ ಬಾಕಿಯ ಮೊತ್ತ, ಕಟ್ಟುವ ಬಗೆ.

ನಾನು ಕತೆಗಳನ್ನೂ ಬರೆಯುತ್ತೇನೆ. ಮೊದಲು ಮುಗಿದು ಆಮೇಲೆ ಶುರುವಾಗುವಂಥವು, ಅರ್ಧದಲ್ಲಿ ಹೇಳುವವನೇ ಬದಲಾಗುವಂಥವು. ಓದಿದವರು ಕಡಿಮೆ, ಕೊನೆತನಕ ಓದಿದವರು ಇನ್ನೂ ಕಡಿಮೆ. ಈ ಸಂದೇಶಗಳನ್ನು ಮಾತ್ರ ಎಲ್ಲರೂ ಕೊನೆತನಕ ಓದಿದರು. ಅವತ್ತೇ ಉತ್ತರಗಳು ಬಂದವು. ಒಬ್ಬರು ಕೈಮುಗಿದ ಚಿತ್ರವನ್ನು ಸಾಲುಸಾಲಾಗಿ ಕಳಿಸಿದರು. ಇನ್ನೊಬ್ಬರು, 'ಖರೇನ ನಮ್ಮ ಹುಡುಗನ ಏನ್ರಿ? ಹೆಸರು ಇನ್ನೊಮ್ಮೆ ನೋಡ್ರಿ' ಎಂದು ಬರೆದರು. ಫೀ ಅವತ್ತೇ ಬಂತು. ನಾನು ಅಕ್ಕನಿಗೆ ಫೋನು ಹಿಡಿದು ತೋರಿಸುತ್ತ ಓಡಾಡಿದೆ.

"ಅಂತೂ ನಿನ್ನ ಬರವಣಿಗಿಗೂ ಓದೋ ಮಂದಿ ಸಿಕ್ಕರಲ್ಲೋ" ಅಂದಳು ಅಕ್ಕ.

ಮುಂದಿನ ತಿಂಗಳು ಹತ್ತು ದಾಟಿತು. ವರದಿ ತೆಗೆದೆ. ಬಾಕಿ ಪಟ್ಟಿ ಉದ್ದವಾಗಿತ್ತು. ಹಿಂದಿನ ತಿಂಗಳಿಗಿಂತ ಉದ್ದ, ಯಾವ ತಿಂಗಳಿಗಿಂತಲೂ ಉದ್ದ. ನನ್ನ ಹೊಂದಾಣಿಕೆಯೇ ತಪ್ಪಿದೆ ಎಂದು ಎಲ್ಲ ಜಮೆಗಳನ್ನು ಮತ್ತೆ ನೋಡಿದೆ. ತಪ್ಪಿರಲಿಲ್ಲ. ಯಾವತ್ತೂ ಮೊದಲ ವಾರದಲ್ಲೇ ಕಟ್ಟುತ್ತಿದ್ದವರು, ಪಟ್ಟಿಯಲ್ಲಿ ಒಮ್ಮೆಯೂ ಕಾಣದವರು, ಈಗ ಸಾಲಾಗಿ ನಿಂತಿದ್ದರು.

ಅದು ಬೇರೆ ಹೊತ್ತಿನಲ್ಲಾಗಿದ್ದರೆ ನಾವು ತಡೆದುಕೊಳ್ಳುತ್ತಿದ್ದೆವು. ಆದರೆ ಅಕ್ಕ ಆಗಷ್ಟೇ ಹೊಸ ಬೆಂಚು ಮಾಡಿಸಿ ಕೈ ಬರಿದು ಮಾಡಿಕೊಂಡಿದ್ದಳು. ಟೀಚರಿಗೆ ಅರ್ಧ ಪಗಾರ ಕೊಟ್ಟು, ಉಳಿದದ್ದು ಆಮೇಲೆ ಎಂದಳು. ಟೀಚರು ಅದನ್ನು ತೆಗೆದುಕೊಂಡರು. ಆಮೇಲೆ ಮೆಟ್ಟಿಲಿನ ಹತ್ತಿರ ನಿಂತು, ಮುಚ್ಚಿಡುವುದು ತಮಗೆ ಆಗುವುದಿಲ್ಲ ಎಂದು ಹೇಳಿಯೇಬಿಟ್ಟರು: ಹುಬ್ಬಳ್ಳಿಯ ಒಂದು ದೊಡ್ಡ ಕೋಚಿಂಗಿನಿಂದ ಅವರನ್ನು ಕರೆದಿದ್ದರು. ಹೆಚ್ಚು ಪಗಾರ, ತಿಂಗಳ ಮೊದಲ ದಿನವೇ ಖಾತೆಗೆ. ಡಿಸೆಂಬರ್ ಮುಗಿಯುವುದರೊಳಗೆ ಹೌದು ಇಲ್ಲ ಹೇಳಬೇಕಿತ್ತು.

"ನೀವು ಹೋದ್ರ ಹತ್ತನೇ ಕ್ಲಾಸಿನವರ ಗತಿ ಏನ್ರಿ?" ಅಂದಳು ಅಕ್ಕ.

"ಅದನ್ನ ವಿಚಾರ ಮಾಡಾಕತ್ತೇನ್ರಿ ಅಕ್ಕಾರ. ಆದ್ರ ನನಗೂ ಮನಿ ಐತೆಲ್ರಿ."

ಮಾರ್ಚ್‌ನಲ್ಲಿ ಪರೀಕ್ಷೆ. ನಡುವೆ ಟೀಚರು ಬದಲಾದರೆ ಮಕ್ಕಳು ಅರ್ಧ ಪಾಠದಲ್ಲಿ ನಿಲ್ಲುತ್ತಾರೆ. ವರ್ಷ ಮುಗಿಯುವುದರೊಳಗೆ ಬಾಕಿ ಬರಲೇಬೇಕಿತ್ತು.

ಅಕ್ಕನ ಸಿಟ್ಟು ನನ್ನ ಕಡೆ ತಿರುಗಿತು. "ನೀ ಭಾಳ ಮೆತ್ತಗ ಬರೀತಿ. ಮಂದಿ ಹೆಗಲ ಮ್ಯಾಲ ಕುಂತಾರ. ಈ ಸಲ ಮಕ್ಕಳ ಸುದ್ದಿ ಗಿದ್ದಿ ಬ್ಯಾಡ. ಫೀ ತುಂಬ್ರಿ, ಇಲ್ಲಂದ್ರ ಕ್ಲಾಸಿಗೆ ಕಳಸಬ್ಯಾಡ್ರಿ ಅಂತ ಬರಿ."

ನಾನು ಬರೆದೆ. ಅದನ್ನು ಓದಿ ಅವಳೇ ಮುಖ ಸಿಂಡರಿಸಿದಳು. ಅಳಿಸು ಅಂದಳು. ಇನ್ನೊಂದು ಬರೆದೆ. ಅದೂ ಬೇಡವಾಯಿತು. ಟೀಚರು ಅರ್ಧ ಪಗಾರ ಪಡೆದವರು, ಹುಡುಗರಿಗೆ ಬಾಗಿಲು ತೋರಿಸುವ ಸಂದೇಶ ಹೋಗುವುದಾದರೆ ತಮ್ಮ ಹೆಸರು ಅದರಲ್ಲಿ ಬೇಡ ಎಂದು ಅವರೇ ತಕರಾರು ತೆಗೆದರು. ಈ ಜಗ್ಗಾಟದಲ್ಲಿ ದಿನಗಳು ಹೋದವು. ಯಾರಿಗೂ ಯಾವ ಸಂದೇಶವೂ ಹೋಗಲಿಲ್ಲ.

ಅಷ್ಟರಲ್ಲಿ ಮನೆಯಲ್ಲಿ ಜೋಳದ ಹಿಟ್ಟು ತೀರಿತು. ಗಿರಣಿಗೆ ಹೋಗಿ ಬಾ ಎಂದಳು ಅಕ್ಕ. ಗಿರಣಿಯವರ ಮಗ ನಮ್ಮಲ್ಲಿ ಒಂಬತ್ತನೇ ತರಗತಿ. ಅವರೂ ಈ ಸಲ ಬಾಕಿ ಪಟ್ಟಿಯಲ್ಲಿದ್ದರು. ಅಲ್ಲಿಯವರೆಗೆ ಒಮ್ಮೆಯೂ ತಡ ಮಾಡದ ಆಸಾಮಿ.

"ಹೆಂಗೂ ಹೊಂಟಿ. ಸೂಕ್ಷ್ಮಾಗಿ ಕೇಳು," ಅಂದಳು. "ಮಂದಿ ಮುಂದ ಕೇಳಬ್ಯಾಡ ಮತ್ತ."

ಗಿರಣಿಯಲ್ಲಿ ಹೆಂಗಸರು ಡಬ್ಬಿ ಸಾಲು ಹಚ್ಚಿ ಕೂತಿದ್ದರು. ಗಿರಣಿಯವರ ಹುಬ್ಬು, ಕಿವಿ, ಶರ್ಟಿನ ಜೇಬಿನಲ್ಲಿದ್ದ ಫೋನು ಎಲ್ಲ ಹಿಟ್ಟು ಹಿಟ್ಟು. ಯಂತ್ರದ ಸಪ್ಪಳದಲ್ಲಿ ನಾನು ಅವರ ಕಿವಿಯ ಹತ್ತಿರ ಹೋಗಿ ಸೂಕ್ಷ್ಮವಾಗಿ ಕೇಳಿದೆ. ಕೇಳಿಸಲಿಲ್ಲ. ಇನ್ನೊಮ್ಮೆ ಕೇಳಿದೆ. ಏನ್ರಿ ಎಂದು ಅವರು ಯಂತ್ರ ನಿಲ್ಲಿಸಿದರು. ಅದೇ ಗಳಿಗೆಗೆ ನಾನು ಮೂರನೇ ಸಲ ಒದರಿದ್ದೆ.

"ಫೀ!"

ಡಬ್ಬಿಗಳ ಹಿಂದಿನಿಂದ ಎಲ್ಲ ಮುಖಗಳೂ ನನ್ನತ್ತ ತಿರುಗಿದವು. ನೆಲ ಬಾಯಿಬಿಡಬಾರದೇ ಅನ್ನಿಸಿತು. ಗಿರಣಿಯವರು ಮಾತ್ರ ನಗುತ್ತಿದ್ದರು.

"ಹೌದ್ರಿ ಸರ, ತುಂಬಿಲ್ಲ. ರೊಕ್ಕ ಒಂದನೇ ತಾರೀಖಿಗೇ ತೆಗದ ಇಟ್ಟೇನಿ. ನಿಮ್ಮ ಮೆಸೇಜ್ ದಾರಿ ಕಾಯಾಕತ್ತೇನ್ರಿ."

"ಯಾವ ಮೆಸೇಜ್ರಿ ಅಣ್ಣಾರ?"

"ಏನಂತ ಕೇಳ್ತೀರಿ? ಹೋದ ತಿಂಗಳ ನಾ ಲಗೂ ತುಂಬಿದೆ. ಏನ ಕಳಸಿದ್ರಿ? ಬರೇ ರಸೀದಿ! ನನ್ನ ತಮ್ಮ ಭಾಡ್ಯಾ ಯಾವಾಗ್ಲೂ ತಡಾ ಮಾಡಾಂವ. ಅವನ ಮಗಳ ಸುದ್ದಿ ಇಷ್ಟುದ್ದ ಬಂತು. ಮನ್ಯಾಗ ಎಲ್ಲಾರಿಗೂ ಓದಿ ಹೇಳಿದ. ನಮ್ಮಾಕಿ ನನಗ ಊಟಕ್ಕ ಹಾಕಲಿಲ್ರಿ. ನಮ್ಮ ಹುಡುಗ ಏನ ಕಲಿಯಾಕತ್ತಾನೋ ಇಲ್ಲೋ, ಅವನ ಬಗ್ಗೆ ಯಾಕ ಬರದಿಲ್ಲ ಅಂತ. ಏನ ಹೇಳ್ಲಿ? ನಾ ಲಗೂ ತುಂಬಿದ್ದ ತಪ್ಪಾತು ಅಂದೆ."

ಒಬ್ಬ ಅಜ್ಜಿ ಡಬ್ಬಿಯ ಮೇಲೆ ಕೈಯೂರಿ ಅಂದಳು: "ನಮ್ಮ ಓಣ್ಯಾಗೂ ಹಂಗ ಅಂತಾರ ತಮ್ಮಾ. ಆ ಟ್ಯೂಷನ್ನಾಗ ರೊಕ್ಕ ಬಾಕಿ ಇಟ್ರ ಮಕ್ಕಳನ್ನ ಹೊಗಳಿ ಬರೀತಾರಂತ. ಪೂರಾ ವರ್ಷ ಬಾಕಿ ಇಟ್ರ ಏನ ಬರೀತೀರೋ?"

"ಹಂಗಾರ ಮೊದಲನೇ ನಂಬರ ಕೊಡತಾರಬೇ" ಅಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ಹಿಟ್ಟು ಹಾರುವಷ್ಟು ನಕ್ಕರು ಎಂದು ಬರೆಯಲು ಮನಸ್ಸಾಗುತ್ತದೆ. ಹಿಟ್ಟು ಹಾರಿದ್ದು ಗಿರಣಿಯವರು ಮತ್ತೆ ಯಂತ್ರ ಶುರು ಮಾಡಿದ್ದಕ್ಕೆ.

ಅವರು ಕಾಯುತ್ತಿದ್ದರು, ನಾವು ಕಳಿಸದೆ ಕೂತಿದ್ದೆವು. ಬಿಸಿ ಹಿಟ್ಟಿನ ಡಬ್ಬಿ ಹಿಡಿದುಕೊಂಡು ನಾನು ಕೆರೆಯ ಬದಿಯ ರಸ್ತೆಯಲ್ಲಿ ನಡೆದು ಬಂದೆ. ಬಾಕಿ ಪಟ್ಟಿ ಬೆಳೆದದ್ದಕ್ಕೆ ಯಾರೂ ಅಷ್ಟು ಸಂತೋಷಪಟ್ಟಿರಲಾರರು.

ಅಕ್ಕನಿಗೆ ಹೇಳಿದೆ. ಮೊದಲು ನಂಬಲಿಲ್ಲ. ನಂಬಿದ ಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಆಮೇಲೆ ಒಮ್ಮೆಲೇ ನಗು ನಿಲ್ಲಿಸಿದಳು.

"ಅಲ್ಲೋ, ಲಗೂ ತುಂಬಿದವರ ಮಕ್ಕಳದು ಏನ ತಪ್ಪೈತಿ? ಅವರ ಬಗ್ಗೆ ನಾವು ಒಂದ ಮಾತೂ ಹೇಳಿಲ್ಲ."

ಪದ್ಧತಿಯನ್ನು ಅಲ್ಲೇ ಎರಡಾಗಿ ಸೀಳಿದೆವು. ಮಗುವಿನ ಸುದ್ದಿ ಎಲ್ಲ ಮನೆಗೂ ಹೋಗಬೇಕು, ತುಂಬಿದವರಿಗೂ, ತುಂಬದವರಿಗೂ, ಒಂದೇ ದಿನ. ಅದರಲ್ಲಿ ಫೀ ಮಾತು ಇರಕೂಡದು. ಅದು ಹೋದ ಮೇಲೆ, ಬಾಕಿ ಇದ್ದವರಿಗೆ ಮಾತ್ರ, ಬೇರೆಯಾಗಿ, ಎರಡೇ ಸಾಲಿನ ನೆನಪು. ಹಾಗಾದರೆ ಸುದ್ದಿಗಾಗಿ ಯಾರೂ ದುಡ್ಡು ಹಿಡಿದು ಕೂರುವುದಿಲ್ಲ.

ಕೆಲಸ ಮಾತ್ರ ಬೆಟ್ಟದಷ್ಟಾಯಿತು. ಪಟ್ಟಿಯಲ್ಲಿದ್ದವರ ಬಗ್ಗೆಯಷ್ಟೇ ಅಲ್ಲ, ಈಗ ಪ್ರತಿ ಮಗುವಿನ ಬಗ್ಗೆ ಒಂದು ಮಾತು ಬೇಕು. ಟೀಚರನ್ನು ಕೇಳಲು ಅಕ್ಕನಿಗೆ ಸಂಕೋಚ. ಅರ್ಧ ಪಗಾರ ಕೊಟ್ಟು ಹೆಚ್ಚು ಕೆಲಸ ಹೇಳುವುದು ಹೇಗೆ? ಟೀಚರು ತಾವಾಗಿಯೇ ಬೆಂಚು ಎಳೆದುಕೊಂಡು ಕೂತರು. "ಬಸ್ ಇನ್ನೂ ಐತ್ರಿ. ಎಂಟನೇ ಕ್ಲಾಸಿಂದ ಶುರು ಮಾಡ್ರಿ ಸರ." ಅವರು ಶೇಂಗಾ ಸುಲಿದದ್ದು ಬಹುಶಃ ಅವತ್ತು. ಎರಡು ಸಂಜೆಗಳನ್ನು ನಾನು ಒಂದು ಮಾಡಿಕೊಂಡಿರಬೇಕು.

ಹಿಂದೆ ಕೂರುವ, ಯಾರ ಕಣ್ಣಿಗೂ ಬೀಳದ ಹುಡುಗಿಯೊಬ್ಬಳ ಹೆಸರು ಓದಿದಾಗ ಇಬ್ಬರಿಗೂ ಹೇಳಲು ಏನೂ ಸಿಗಲಿಲ್ಲ. ಟೀಚರು, "ಇದನ್ನ ನಾಳಿಗೆ ಇಡ್ರಿ" ಅಂದರು. ಮರುದಿನ ಅವಳನ್ನು ಮುಂದೆ ಕೂರಿಸಿಕೊಂಡು ಪಾಠ ಮಾಡಿದರು. ಸಂಜೆ ಬಂದು ಅವಳ ಬಗ್ಗೆ ಒಂದಲ್ಲ, ಮೂರು ಮಾತು ಹೇಳಿದರು. ಫೀ ವರದಿಯ ಕೆಲಸದಿಂದ ಒಂದು ಮಗು ಹಿಂದಿನ ಬೆಂಚಿನಿಂದ ಮುಂದಕ್ಕೆ ಬಂದದ್ದನ್ನು ನಾನು ನೋಡಿದ್ದೇನೆ. ಇದರಲ್ಲಿ ಸಂಶಯವಿಲ್ಲ. ಆ ಹುಡುಗಿ ಆಮೇಲೆ ಹಿಂದಕ್ಕೆ ಹೋಗಲಿಲ್ಲ.

ಸುದ್ದಿಗಳು ಹೋದವು. ಎರಡು ಸಾಲಿನ ನೆನಪು ಕಳಿಸುವ ಮೊದಲೇ ಫೋನು ಟಣ್ ಟಣ್ ಎನ್ನತೊಡಗಿತು. ಗಿರಣಿಯವರದು ಎಲ್ಲರಿಗಿಂತ ಮೊದಲು. ಕೆಳಗೆ ಬರೆದಿದ್ದರು: 'ಊಟ ಆತ್ರಿ ಸರ.'

ಎರಡು ದಿನ ಬಿಟ್ಟು ಒಬ್ಬ ತಾಯಿ ಮೆಟ್ಟಿಲು ಹತ್ತಿ ಬಂದರು. ಸತ್ತೂರಿನ ಆಸ್ಪತ್ರೆಯೊಂದರಲ್ಲಿ ವಾರ್ಡಿನ ಆಯಾ ಕೆಲಸ, ಡ್ಯೂಟಿ ಮುಗಿಸಿ ಅದೇ ಸೀರೆಯಲ್ಲೇ ಬಂದಿದ್ದರು. ಮಗಳು ನಮ್ಮಲ್ಲಿ ಹತ್ತನೇ ತರಗತಿ. ಒಂದು ತಿಂಗಳೂ ತಡ ಮಾಡಿದವರಲ್ಲ, ಹಾಗಾಗಿ ಅವರಿಗೆ ಇದೇ ಮೊದಲ ಸಂದೇಶ. ಫೋನಿನ ಕವರಿನ ಹಿಂದೆ ಮಡಚಿಟ್ಟಿದ್ದ ರಸೀದಿ ತೆಗೆದು ನನ್ನ ಮೇಜಿನ ಮೇಲಿಟ್ಟರು.

"ಸರ, ನಾ ತುಂಬೇನ್ರಿ. ನೋಡ್ರಿ, ನಿಮ್ಮದ ಸಹಿ ಐತಿ."

"ಹೌದ್ರಿ ಅವ್ವಾರ, ತುಂಬೀರಿ. ನಿಮ್ಮದೇನೂ ಬಾಕಿ ಇಲ್ಲ."

"ಮತ್ತ ಯಾಕ ಮೆಸೇಜ್ ಬಂತ್ರಿ? ಬಾಕಿ ಇದ್ದವರಿಗಷ್ಟ ಬರತೈತಿ ಅಂತ ನಮ್ಮ ವಾರ್ಡಿನಾಕಿ ಹೇಳಿದ್ಲು. ಪೂರಾ ಓದಿದೆ. ಫೀ ಅಂತ ಎಲ್ಲೂ ಇಲ್ಲ. ಅದಕ್ಕ ಇನ್ನೂ ಅಂಜಿಕಿ ಬಂತು. ಮುಂದಿಂದು ಇನ್ನೊಂದು ಮೆಸೇಜಿನ್ಯಾಗ ಬರತೈತಿ ಅಂತ."

ಅಕ್ಕ ಪಾಠ ಬಿಟ್ಟು ಹೊರಗೆ ಬಂದಳು. "ಮುಂದ ಏನೂ ಇಲ್ರಿ. ಅಷ್ಟ ಅದು."

"ಅಷ್ಟ ಅಂದ್ರ?"

"ಅಷ್ಟ. ನಿಮ್ಮ ಮಗಳು ಏನ ಮಾಡಿದ್ಲು ಅಂತ ತಿಳಸೂದಿತ್ತು."

ತಾಯಿ ಫೋನನ್ನು ನನ್ನ ಕೈಗೆ ಕೊಟ್ಟರು. "ಹಂಗಾರ ಇನ್ನೊಮ್ಮೆ ಓದ್ರಿ ಸರ. ಮೊದಲ ಸಲ ಅಂಜಿಕಿಲೆ ಓದಿದೆ. ತಿಳಿಲಿಲ್ಲ."

ನಾನೇ ಬರೆದದ್ದನ್ನು ಓದಿದೆ. 'ಬೆಳಕಿನ ಪಾಠದಲ್ಲಿ ಕಿರಣ ಎಲ್ಲಿ ಬಾಗುತ್ತದೆ ಎಂದು ನಿಮ್ಮ ಮಗಳು ಎಲ್ಲರಿಗಿಂತ ಮೊದಲು ಹೇಳಿದಳು. ಯಾಕೆ ಬಾಗಬೇಕು ಎಂದು ಕೇಳಿದ್ದೂ ಅವಳೊಬ್ಬಳೇ. ಆ ಪ್ರಶ್ನೆಗಾಗಿ ಮರುದಿನ ಅರ್ಧ ತಾಸು ಪಾಠ ನಡೆಯಿತು.'

ಬಾಗಿಲ ಬಳಿ ಟೀಚರು ಬಂದು ನಿಂತಿದ್ದರು.

"ನೀವ ಹೇಳಿದ್ರೇನ್ರಿ ಇದನ್ನ?" ಅಂದರು ತಾಯಿ.

"ಹೂಂ ರಿ. ನಾನ ಹೇಳೇನಿ."

"ಖರೇ ಕೇಳಿದ್ಲಾ ಅಕಿ?"

"ಖರೇ ಕೇಳಿದ್ಲ್ರಿ. ನನಗೂ ರಾತ್ರಿ ಪುಸ್ತಕ ತೆಗದ ಓದೂ ಹಂಗ ಮಾಡಿದ್ಲು."

ತಾಯಿ ರಸೀದಿಯನ್ನು ಮತ್ತೆ ಮಡಚಿ ಫೋನಿನ ಹಿಂದೆ ಇಟ್ಟುಕೊಂಡರು. "ಮನ್ಯಾಗ ನನಗ ಹಂಗ ಕೇಳ್ತಾಳ್ರಿ. ನಾ ಬಾಯಿ ಮುಚ್ಚು ಅಂತೇನಿ," ಅಂದು ನಕ್ಕರು. ಅವರು ಇಳಿದು ಹೋದದ್ದನ್ನು ನಾವು ಮೂವರೂ ಮೆಟ್ಟಿಲ ಮೇಲ್ತುದಿಯಲ್ಲಿ ನಿಂತು ನೋಡಿದೆವು. ನಾನು ಬರೆದ ಯಾವುದನ್ನೂ ಯಾರೂ ಹಾಗೆ ಎರಡನೇ ಸಲ ಓದಿಸಿ ಕೇಳಿರಲಿಲ್ಲ. ಆ ಹೆಮ್ಮೆಯನ್ನು ಈಗಲೂ ಇಟ್ಟುಕೊಂಡಿದ್ದೇನೆ.

ಆ ವಾರ ಕಳೆಯುವುದರೊಳಗೆ ಬಾಕಿ ಪಟ್ಟಿ ಚಿಕ್ಕದಾಯಿತು. ಖರೇ ಅಡಚಣೆ ಇದ್ದ ಕೆಲವೇ ಮನೆಗಳು ಉಳಿದವು. ಅವರ ಷರಾದಲ್ಲಿ ಅಕ್ಕ, 'ಪರೀಕ್ಷೆ ಆದ ಮೇಲೆ ಕೇಳುವುದು' ಎಂದು ಬರೆಸಿದಳು. ಸುದ್ದಿ ಅವರಿಗೂ ಹೋಗುತ್ತಿತ್ತು. ಟೀಚರಿಗೆ ಉಳಿದ ಅರ್ಧ ಪಗಾರ ಕೊಟ್ಟೆವು. ಅವರು ಲಕೋಟೆಯನ್ನು ಬ್ಯಾಗಿಗೆ ಹಾಕಿಕೊಂಡು, "ಮಾರ್ಚ್ ಮುಗಿಯೂತನಕ ಇಲ್ಲೇ ಇರತೇನ್ರಿ ಅಕ್ಕಾರ. ಹುಬ್ಬಳ್ಯಾವ್ರಿಗೆ ಹೇಳೇನಿ," ಅಂದರು. ಮಾರ್ಚ್ ಮುಗಿದ ಮೇಲೂ ಇದ್ದರು, ಈಗಲೂ ಇದ್ದಾರೆ.

ವರದಿ ಸರಿಹೋಯಿತು, ಪಗಾರ ಪೂರ್ತಿಯಾಯಿತು, ಟೀಚರು ಉಳಿದರು. ಈ ಕ್ರಮದಲ್ಲಿ ಹೇಳಿದರೆ ನಾವು ಗೆದ್ದಂತೆ ಕಾಣುತ್ತದೆ, ಮತ್ತು ನಾನು ಬಹಳ ಕಾಲ ಹೀಗೆಯೇ ಹೇಳುತ್ತ ಬಂದಿದ್ದೇನೆ. ಅಕ್ಕ ಈ ಕ್ರಮವನ್ನು ಒಪ್ಪುವುದಿಲ್ಲ. ಎಲ್ಲ ಮಕ್ಕಳ ಸುದ್ದಿ ಬರೆಯಲು ಟೀಚರು ಬೆಂಚು ಎಳೆದುಕೊಂಡು ಕೂತರಲ್ಲ, ಅವತ್ತೇ ಅವರು ಹುಬ್ಬಳ್ಳಿಗೆ ಬರುವುದಿಲ್ಲ ಎಂದು ತಿಳಿಸಿಯಾಗಿತ್ತು ಎಂಬುದು ಅವಳ ನಂಬಿಕೆ. ನನಗೆ ಒಮ್ಮೊಮ್ಮೆ ಆ ತಾಯಿ ಬಂದು ಹೋದ ಸಂಜೆ ಅನ್ನಿಸುತ್ತದೆ. ಆದರೆ ಅದು ಕತೆ ಬರೆಯುವವನ ಆಸೆ. 'ಹೇಳೇನಿ' ಅಂದರೇ ಹೊರತು ಯಾವಾಗ ಹೇಳಿದೆ ಎಂದು ಟೀಚರು ಅನ್ನಲಿಲ್ಲ. ಪಗಾರ ಕೈಗೆ ಬರುವ ಮೊದಲೋ, ಬಂದ ಮೇಲೋ, ನನಗೆ ಗೊತ್ತಿಲ್ಲ. ದಿನಾ ಸಂಜೆ ಎದುರಿಗೆ ಸಿಗುತ್ತಾರೆ. ಇನ್ನೂ ಕೇಳಿಲ್ಲ.